ಚಿಕ್ಕಜ್ಜಿಯ ಕಿವಿಯೋಲೆ ಮತ್ತು ಫೋಟೋದ ಅಂಚು

ನಮ್ಮ ಮನೆಯಲ್ಲಿರುವ ಒಂದು ಹಳೆಯ ಫೋಟೋವನ್ನು ದೊಡ್ಡದು ಮಾಡಿಸಿ ಹಜಾರದ ಗೋಡೆಗೆ ಹಾಕಬೇಕೆಂದು ಕಳೆದ ತಿಂಗಳು ಹೊರಟಾಗ ಆದ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಹಳೆಯ ಫೋಟೋಗಳನ್ನು ಫೋಟೋಶಾಪಿನ ಜನರೇಟಿವ್ ಫಿಲ್ ಬಳಸಿ, ಅಂದರೆ ಚಿತ್ರದ ಹೊರಗಿನ ಖಾಲಿ ಜಾಗವನ್ನು ಎಐ ತಾನೇ ಬರೆದು ತುಂಬುವ ಸೌಲಭ್ಯ ಬಳಸಿ, ಅಗಲಿಸುವ ಕೆಲಸ ಈಗ ಅನೇಕ ಮನೆಗಳಲ್ಲಿ ನಡೆಯುತ್ತಿದೆ, ಮತ್ತು ಅದರಲ್ಲಿ ಮುಖಗಳ ಹತ್ತಿರ ಆಗುವ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಅದು 1984ರಲ್ಲಿ ಬಸವನಗುಡಿಯ ಛತ್ರವೊಂದರಲ್ಲಿ ನಡೆದ ಮದುವೆಯ ಬಣ್ಣದ ಫೋಟೋ. ಅಗಲ 7 ಇಂಚು, ಎತ್ತರ 5 ಇಂಚು. ಮೇಲ್ಗಡೆ ಅಜ್ಜನ ಪೇಟಕ್ಕೂ ಕಾಗದದ ಅಂಚಿಗೂ ನಡುವೆ ಬೆರಳಿನಷ್ಟೂ ಜಾಗವಿಲ್ಲ. ಬಲಗಡೆಯ ತುದಿಯಲ್ಲಿ ಕುಳಿತಿರುವ ಚಿಕ್ಕಜ್ಜಿಯ ಒಂದು ಕಿವಿ ಮತ್ತು ಕೆನ್ನೆಯ ಸ್ವಲ್ಪ ಭಾಗ ಅಂಚಿನಲ್ಲಿ ಕತ್ತರಿಸಿ ಹೋಗಿವೆ. ಅವರ ಹೆಗಲ ಮೇಲೆ ಯಾರದೋ ನಾಲ್ಕು ಬೆರಳುಗಳಿವೆ; ಆ ಬೆರಳುಗಳ ಒಡೆಯರು ಚಿತ್ರದಲ್ಲಿಲ್ಲ.

ಕೊಂಡುತಂದಿದ್ದ ಫ್ರೇಮು 10 ಇಂಚು ಅಗಲ, 8 ಇಂಚು ಎತ್ತರದ್ದು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ ಚಿತ್ರ 4200 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಬಂದಿತು. ಎತ್ತರಕ್ಕೆ ಸರಿಯಾಗಿ ಫ್ರೇಮಿನ ಅಳತೆಗೆ ತರಬೇಕಾದರೆ ಅಗಲದಲ್ಲಿ 450 ಪಿಕ್ಸೆಲ್ ಕತ್ತರಿಸಬೇಕು, ಅಂದರೆ ಎರಡೂ ತುದಿಯಲ್ಲಿ ಕುಳಿತವರಿಗೆ ಇನ್ನಷ್ಟು ಕತ್ತರಿ ಬೀಳುತ್ತದೆ. ಅಗಲವನ್ನು ಹಾಗೆಯೇ ಉಳಿಸಿಕೊಂಡರೆ ಮೇಲ್ಗಡೆ 360 ಪಿಕ್ಸೆಲ್ ಸೇರಿಸಿದರೆ ಸಾಕು. ಮೇಲಿರುವುದು ಛತ್ರದ ಸುಣ್ಣದ ಗೋಡೆ ಮತ್ತು ಮಾವಿನ ತೋರಣದ ತುದಿ ಮಾತ್ರ. ಆ ಭಾಗವನ್ನು ಸಾಫ್ಟ್‌ವೇರ್ ಚೆನ್ನಾಗಿಯೇ ತುಂಬಿತು. ಹೊಸ ಗೋಡೆ ಹಳೆಯದಕ್ಕಿಂತ ನುಣುಪಾಗಿತ್ತು ಎಂಬುದೊಂದೇ ದೋಷ. ಹಳೆಯ ಪ್ರಿಂಟಿನ ಮೇಲಿದ್ದ ಸಣ್ಣ ಕಾಳಿನಂತಹ ಗ್ರೇನು ಹೊಸ ಭಾಗದಲ್ಲಿರಲಿಲ್ಲ. ಆ ಪಟ್ಟಿಗೆ ಮಾತ್ರ ಸ್ವಲ್ಪ ನಾಯ್ಸ್ ಸೇರಿಸಿದ ಮೇಲೆ ಗೆರೆ ಕಾಣದಾಯಿತು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಕೆಲಸ ಇಷ್ಟು ಸಲೀಸಾಗಿ ಆಯಿತಲ್ಲ ಎಂಬ ಧೈರ್ಯದಲ್ಲಿ, ಕತ್ತರಿಸಿಹೋದ ಚಿಕ್ಕಜ್ಜಿಯ ಮುಖವನ್ನೂ ಪೂರ್ತಿ ಮಾಡೋಣವೆಂದು ಬಲ ಅಂಚನ್ನೂ ಎಳೆದೆ. ಹೊಸದು ಹಳೆಯದರೊಂದಿಗೆ ಬೆರೆಯಲೆಂದು ಆಯ್ಕೆಯ ಗೆರೆಯನ್ನು ಮೂಲ ಚಿತ್ರದ ಒಳಕ್ಕೆ 40 ಪಿಕ್ಸೆಲ್ ಸರಿಸುವುದು ನನ್ನ ರೂಢಿ. ಗೋಡೆಯ ಮೇಲೆ ಈ ರೂಢಿಯಿಂದ ತೊಂದರೆಯಿಲ್ಲ. ಆದರೆ ಪ್ರಿಂಟಿನಲ್ಲಿ ಚಿಕ್ಕಜ್ಜಿಯ ಮುಖದ ಅಗಲ ಸುಮಾರು 12 ಮಿಲಿಮೀಟರ್, ಸ್ಕ್ಯಾನಿನಲ್ಲಿ ಸುಮಾರು 280 ಪಿಕ್ಸೆಲ್. ಅದರಲ್ಲಿ 40 ಎಂದರೆ ಮುಖದ ಏಳನೆಯ ಒಂದು ಭಾಗ. ಆಯ್ಕೆಯೊಳಗೆ ಬಿದ್ದ ಎಲ್ಲವನ್ನೂ ಈ ಸೌಲಭ್ಯ ಹೊಸದಾಗಿ ಬರೆಯುತ್ತದೆ. ಇದು ನಿಜವಾದ ಕೆನ್ನೆ, ಇದನ್ನು ಬಿಟ್ಟುಬಿಡೋಣ ಎಂಬ ವಿವೇಚನೆ ಅದಕ್ಕಿಲ್ಲ. ಸುತ್ತಲಿನ ಬಣ್ಣ ಮತ್ತು ಆಕಾರಗಳನ್ನು ನೋಡಿ, ತಾನು ಕಲಿತ ಅಸಂಖ್ಯ ಚಿತ್ರಗಳ ಪ್ರಕಾರ ಅಲ್ಲಿ ಏನಿದ್ದರೆ ಹೊಂದುತ್ತದೆಯೋ ಅದನ್ನು ಅದು ಇಡುತ್ತದೆ. ಗೋಡೆಯ ವಿಷಯದಲ್ಲಿ ಹೊಂದುವುದಕ್ಕೂ ನಿಜಕ್ಕೂ ದೊಡ್ಡ ಅಂತರವಿಲ್ಲ. ಮುಖದ ವಿಷಯದಲ್ಲಿ ಹೊಂದುವ ಕೆನ್ನೆ ಎಂದರೆ ಬೇರೆ ಯಾರದೋ ಕೆನ್ನೆ.

ಬಂದ ಫಲಿತಾಂಶ ಮೊದಲ ನೋಟಕ್ಕೆ ಸೊಗಸಾಗಿತ್ತು. ಅಮ್ಮನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಇದು ಚಿಕ್ಕಮ್ಮನ ಹಾಗೇ ಇದೆ, ಆದರೆ ಚಿಕ್ಕಮ್ಮ ಅಲ್ಲ ಕಣೋ" ಎಂದರು. ಆಮೇಲೆ ಓಲೆಯತ್ತ ಬೆರಳು ತೋರಿಸಿದರು. ಚಿತ್ರದಲ್ಲಿ ಕಾಣುವ ಎಡಗಡೆಯ ಕಿವಿಯಲ್ಲಿರುವುದು ಏಳು ಕಲ್ಲಿನ ಓಲೆ, ನಡುವೆ ಒಂದು ಕಲ್ಲು, ಸುತ್ತ ಆರು. ಹೊಸದಾಗಿ ಮೂಡಿದ ಕಿವಿಯಲ್ಲಿ ಜುಮುಕಿ ತೂಗುತ್ತಿತ್ತು. ಅದಕ್ಕಿಂತ ದೊಡ್ಡದು ಹೆಗಲ ಮೇಲಿನ ಬೆರಳುಗಳ ಕಥೆ. ಆ ಬೆರಳುಗಳಿಗೆ ಒಂದು ದೇಹ ಬೇಕಲ್ಲ, ಸಾಫ್ಟ್‌ವೇರ್ ಬಿಳಿ ಅಂಗಿ ತೊಟ್ಟ ಮಧ್ಯವಯಸ್ಸಿನ ಗಂಡಸೊಬ್ಬನನ್ನು ಚಿಕ್ಕಜ್ಜಿಯ ಹಿಂದೆ ನಿಲ್ಲಿಸಿತ್ತು. ನಮ್ಮ ಕುಟುಂಬದಲ್ಲಿ ಎಂದೂ ಇಲ್ಲದ ಒಬ್ಬ ಮನುಷ್ಯ, ಅಷ್ಟು ಸಲಿಗೆಯಿಂದ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಇನ್ನು ಇಪ್ಪತ್ತು ವರ್ಷ ಕಳೆದು, ಹೇಳುವವರು ಯಾರೂ ಇಲ್ಲದಿರುವಾಗ, ನಮ್ಮ ಮಕ್ಕಳು ಇವನನ್ನು ಯಾವ ಮಾವನೆಂದು ತಿಳಿಯುತ್ತಿದ್ದರೋ ಎಂದು ಯೋಚಿಸಿ ನನಗೆ ನಿಜಕ್ಕೂ ಸಂಕಟವಾಯಿತು.

ಮುಖ ಬದಲಾಗಿದೆಯೇ ಎಂಬುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬಾರದು. ಮೂಲ ಸ್ಕ್ಯಾನಿನ ಲೇಯರನ್ನು, ಅಂದರೆ ಆ ಚಿತ್ರವಿರುವ ಪದರವನ್ನು, ನಕಲು ಮಾಡಿ, ಎಲ್ಲಕ್ಕಿಂತ ಮೇಲಿಟ್ಟು, ಅದು ಕೆಳಗಿನ ಪದರಗಳೊಂದಿಗೆ ಬೆರೆಯುವ ರೀತಿಯಾದ ಬ್ಲೆಂಡ್ ಮೋಡನ್ನು Difference ಎಂದು ಬದಲಿಸಿದರೆ, ಬದಲಾಗದ ಜಾಗವೆಲ್ಲ ಪೂರ್ತಿ ಕಪ್ಪಾಗಿ ಕಾಣುತ್ತದೆ. ಮೂಲ ಚಿತ್ರದ ಗಡಿಯೊಳಗೆ ಎಲ್ಲಾದರೂ ಬೂದು ಮಚ್ಚೆ ಉಳಿದರೆ ಅಲ್ಲಿ ಸಾಫ್ಟ್‌ವೇರ್ ಕೈಯಾಡಿಸಿದೆ ಎಂದರ್ಥ. ಮಚ್ಚೆ ಮಸುಕಾಗಿದ್ದರೆ Levels ಬಳಸಿ ಹೊಳಪು ಹೆಚ್ಚಿಸಿ ನೋಡಬೇಕು. ನನ್ನ ಚಿತ್ರದಲ್ಲಿ ಚಿಕ್ಕಜ್ಜಿಯ ಕೆನ್ನೆಯುದ್ದಕ್ಕೂ ಕುಡುಗೋಲಿನಂತಹ ಒಂದು ಬೂದು ಗೆರೆ ಕಂಡಿತು. ಹೊಸ ಭಾಗ ಬೇರೆ ಲೇಯರಿನಲ್ಲಿ, ಅದರ ಯಾವ ಜಾಗ ಕಾಣಬೇಕೆಂದು ತೀರ್ಮಾನಿಸುವ ಮಾಸ್ಕಿನೊಂದಿಗೆ ಬರುವುದರಿಂದ, ಆ ಮಾಸ್ಕಿನ ಮೇಲೆ ಕಪ್ಪು ಬಣ್ಣ ಬಳಿದು ಮೂಲ ಕೆನ್ನೆಯನ್ನು ಮರಳಿ ಪಡೆಯಬಹುದು. ನಾನೂ ಹಾಗೆ ಮಾಡಿದೆ. ಆದರೆ ಆಗ ನಿಜವಾದ ಅರೆಮುಖವೂ ಕಲ್ಪಿತ ಕಿವಿಯೂ ಒಂದು ಗೆರೆಯಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಕತ್ತರಿಸಿದ ಮುಖಕ್ಕೆ ಇದು ಪರಿಹಾರವಲ್ಲ, ಮತ್ತು ನನ್ನ ಮಟ್ಟಿಗೆ ಅಂಚಿನಲ್ಲಿ ಮುಖ ಅಥವಾ ಕೈ ತುಂಡಾಗಿದ್ದರೆ ಆ ಬದಿಯನ್ನು ಅಗಲಿಸಲೇಬಾರದು. ಫ್ರೇಮಿನ ಅಂಗಡಿಯವರಿಗೆ ಹೇಳಿದರೆ ಸುತ್ತ ಅಗಲವಾದ ಮೌಂಟ್ ಬೋರ್ಡ್ ಇಟ್ಟು ಯಾವ ಅಳತೆಯ ಫ್ರೇಮಿಗಾದರೂ ಹೊಂದಿಸಿಕೊಡುತ್ತಾರೆ.

ಇದೆಲ್ಲಕ್ಕೂ ಮುಂಚೆ ನಾನು ಮಾಡಬೇಕಾಗಿದ್ದ ಕೆಲಸವೊಂದಿತ್ತು, ಅದು ನೆಗೆಟಿವ್ ಹುಡುಕುವುದು. ಆ ಕಾಲದ ಸಾಮಾನ್ಯ 35 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರದ ಅಳತೆ 36 ಮತ್ತು 24 ಮಿಲಿಮೀಟರ್. 7 ಮತ್ತು 5ರ ಅನುಪಾತದ ಕಾಗದಕ್ಕೆ ಅದು ಪೂರ್ತಿ ಕೂರುವುದಿಲ್ಲ. 24 ಮಿಲಿಮೀಟರ್ ಎತ್ತರವನ್ನು ಪೂರ್ತಿ ತೆಗೆದುಕೊಂಡರೆ ಅಗಲದಲ್ಲಿ 33.6 ಮಿಲಿಮೀಟರ್ ಮಾತ್ರ ಹಿಡಿಸುತ್ತದೆ. ಉಳಿದದ್ದು ಪ್ರಿಂಟ್ ಹಾಕುವಾಗಲೇ ಹೊರಗೆ ಹೋಗುತ್ತದೆ. ಸಮನಾಗಿ ಕತ್ತರಿಸಿದ್ದರೆ ಪ್ರಿಂಟಿನ ಅಳತೆಯಲ್ಲಿ ಎರಡೂ ಬದಿಗೆ ತಲಾ 6 ಮಿಲಿಮೀಟರಿಗಿಂತ ತುಸು ಹೆಚ್ಚು. ಅಂದರೆ ನಾನು ಯಂತ್ರದಿಂದ ಕಲ್ಪಿಸಿಕೊಳ್ಳಲು ಹೊರಟಿದ್ದ ಭಾಗದ ಒಂದು ಪಾಲು ನಿಜವಾಗಿಯೇ ಎಲ್ಲೋ ಇತ್ತು.

ಅದು ಅಟ್ಟದ ಮೇಲಿನ ಟ್ರಂಕಿನಲ್ಲಿ, ಲಗ್ನಪತ್ರಿಕೆಗಳ ಕೆಳಗೆ, ಸ್ಟುಡಿಯೋದ ಹಳದಿ ಲಕೋಟೆಯಲ್ಲಿತ್ತು. ಸ್ಕ್ಯಾನ್ ಮಾಡಿಸಿದಾಗ ಚಿಕ್ಕಜ್ಜಿಯ ಕೆನ್ನೆ ಪೂರ್ತಿಯಾಯಿತು, ಕಿವಿಯಲ್ಲಿ ಅದೇ ಏಳು ಕಲ್ಲಿನ ಓಲೆ ಕಂಡಿತು. ಹಿಂದೆ ಬಿಳಿ ಅಂಗಿಯವನಿರಲಿಲ್ಲ. ಹೆಗಲ ಮೇಲಿನ ಬೆರಳುಗಳಿಂದ ಮೇಲಕ್ಕೆ ಒಂದು ತೆಳ್ಳನೆಯ ಮುಂಗೈ, ಎರಡು ಗಾಜಿನ ಬಳೆ, ಪುಗ್ಗೆ ತೋಳಿನ ಹಸಿರು ರವಿಕೆಯ ಒಂದು ತುಣುಕು, ಅಲ್ಲಿಗೆ ಫಿಲ್ಮು ಮುಗಿಯುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. ಅವರಿಗೆ ಆಗ ಹನ್ನೆರಡು ವರ್ಷ. "ಈ ರವಿಕೆ ನನ್ನದು" ಎಂದರು.