ಹೀರೆಕಾಯಿ ಪಲ್ಯಕ್ಕೆ ನೀರು ಯಾಕೆ ಹಾಕ್ತೀರಿ?

ಮೊನ್ನೆ ರಾತ್ರಿ ಬೆಂಗಳೂರಿನಿಂದ ತಂಗಿ ಒಂದು ಫೋಟೊ ಕಳಿಸಿದಳು. ಸೋರೆಕಾಯಿ ಮಜ್ಜಿಗೆಹುಳಿ. ಮೇಲೆ ತೆಳ್ಳಗಿನ ಹಳದಿ ನೀರು, ಕೆಳಗೆ ಅರೆದ ತೆಂಗಿನಕಾಯಿ, ನಡುವೆ ಕರಗಿ ಹೋಗಿರುವ ಹೋಳು. ಕೆಳಗೆ ಬರೆದಿದ್ದಳು: "ಅಕ್ಕಾ, ಅಮ್ಮ ಮಾಡೋ ಹಾಗೇ ಮಾಡಿದ್ದೆ. ಯಾಕೆ ಹೀಗಾಯ್ತು?"

ಫೋನ್ ಮಾಡಿ ಕೇಳಿದೆ, ಹೋಳು ಬೇಯಿಸೋಕೆ ಎಷ್ಟು ನೀರು ಹಾಕಿದೆ ಅಂತ. "ಹೋಳು ಮುಳುಗುವಷ್ಟು" ಅಂದಳು. ಅರ್ಧ ಕೆಜಿ ಸೋರೆಕಾಯಿಗೆ ಎರಡು ಲೋಟ. ಆಮೇಲೆ ಕಾಯಿ ಅರೆಯೋಕೆ ಮತ್ತೊಂದು ಲೋಟ.

ಆಲೂಗಡ್ಡೆಗೆ, ಸುವರ್ಣಗೆಡ್ಡೆಗೆ ಮುಳುಗುವಷ್ಟು ನೀರು ಸರಿ. ಸೋರೆ, ಹೀರೆ, ಮೊಗೆಕಾಯಿ, ಬೂದುಗುಂಬಳಕ್ಕೆ ಆ ಲೆಕ್ಕ ಹೊಂದುವುದಿಲ್ಲ. ನೂರು ಗ್ರಾಂ ಸೋರೆಕಾಯಿಯಲ್ಲಿ ಸುಮಾರು 95 ಗ್ರಾಂ ನೀರೇ. ಎಲ್ಲವೂ ಹೊರಗೆ ಬರುವುದಿಲ್ಲ, ಹೋಳಿನ ಒಳಗೂ ಉಳಿಯುತ್ತದೆ. ಆದರೆ ಬೇಯೋಕೆ ಎಷ್ಟು ಬೇಕೋ ಅಷ್ಟನ್ನು ಅದು ತಾನೇ ಬಿಡುತ್ತದೆ. ನಾವು ಮಾಡಬೇಕಾದ್ದು ಆ ನೀರು ಹೊರಗೆ ಬರುವವರೆಗೆ ತಳ ಹಿಡಿಯದ ಹಾಗೆ ನೋಡಿಕೊಳ್ಳುವುದು.

ಹೀರೆಕಾಯಿ ಪಲ್ಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಮ್ಮ ಸಾಗರದ ಮನೆಯಲ್ಲಿ ಮಳೆಗಾಲದಲ್ಲಿ ಹಿತ್ತಲ ಚಪ್ಪರದಿಂದ ಕೊಯ್ದು ತಂದ ಮೂರು ಹೀರೆಕಾಯಿ ಅಂತಿಟ್ಟುಕೊಳ್ಳಿ. ಗೆರೆ ಹೆರೆದು ಹೆಚ್ಚಿದರೆ ಬಾಣಲೆ ತುಂಬುತ್ತದೆ. (ಹೆರೆದ ಸಿಪ್ಪೆ ಎಸೆಯಬೇಡಿ, ಚಟ್ನಿಗೆ ಇಡಿ.) ದಪ್ಪ ತಳದ ಬಾಣಲೆಗೆ ಎರಡು ಚಮಚ ಕೊಬ್ಬರಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು, ಚಿಟಿಕೆ ಅರಿಶಿನ. ಒಗ್ಗರಣೆ ಚಟಪಟ ಅಂದ ಮೇಲೆ ಹೋಳು ಹಾಕಿ, ಎಲ್ಲಕ್ಕೂ ಎಣ್ಣೆ ತಾಗುವ ಹಾಗೆ ಒಮ್ಮೆ ಕೈಯಾಡಿಸಿ, ಉರಿ ಸಣ್ಣ ಮಾಡಿ ಮುಚ್ಚಬೇಕು. ನೀರು ಒಂದು ಹನಿಯೂ ಬೇಡ. ಉಪ್ಪೂ ಈಗಲೇ ಬೇಡ.

ಅಮ್ಮ ಬಾಣಲೆಗೆ ಮುಚ್ಚಳ ಹಾಕುತ್ತಿರಲಿಲ್ಲ. ಒಂದು ಊಟದ ತಟ್ಟೆ ಮುಚ್ಚಿ, ಅದರ ಮೇಲೆ ಅರ್ಧ ಲೋಟ ತಣ್ಣೀರು ಸುರಿಯುತ್ತಿದ್ದಳು. ಚಿಕ್ಕವಳಿದ್ದಾಗ ಅದು ಯಾಕೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಕೇಳಿದರೆ "ಹಬೆ ವಾಪಸ್ ಬೀಳ್ಲಿ ಅಂತ" ಅನ್ನುತ್ತಿದ್ದಳು. ಈಗ ನಾನೂ ಹಾಗೇ ಮಾಡುತ್ತೇನೆ. ತಟ್ಟೆ ತಂಪಾಗಿರುತ್ತದೆ. ಒಳಗಿನ ಹಬೆ ಅದಕ್ಕೆ ತಾಗಿ ಹನಿಯಾಗಿ ಮತ್ತೆ ಹೋಳಿನ ಮೇಲೇ ಬೀಳುತ್ತದೆ. ತರಕಾರಿ ತನ್ನ ನೀರಲ್ಲೇ ಬೇಯುತ್ತದೆ. ಅಕಸ್ಮಾತ್ ತಳ ಹಿಡಿಯೋ ಹಾಗಿದ್ದರೆ ತಟ್ಟೆಯ ಮೇಲಿನ ನೀರು ಅಷ್ಟು ಹೊತ್ತಿಗೆ ಬಿಸಿಯಾಗಿರುತ್ತದೆ, ಅದರಲ್ಲೇ ಒಂದೆರಡು ಚಮಚ ಒಳಗೆ ಚಿಮುಕಿಸಬಹುದು.

ಮೂರು ನಾಲ್ಕು ನಿಮಿಷ ಬಿಟ್ಟು ತಟ್ಟೆ ತೆಗೆದು ನೋಡಿ. ತುಂಬಿ ತುಳುಕುತ್ತಿದ್ದ ಹೋಳು ಇಳಿದು ಅರ್ಧಕ್ಕೆ ಬಂದಿರುತ್ತದೆ. ಸೌಟಿನಲ್ಲಿ ಪಕ್ಕಕ್ಕೆ ಸರಿಸಿದರೆ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಹಾಕುವ ಹೊತ್ತು ಇದು. ಹಸಿ ರಾಶಿ ನೋಡಿ ಮೊದಲೇ ಉಪ್ಪು ಹಾಕಿದರೆ, ಕಾಯಿ ಇಳಿದ ಮೇಲೆ ಉಪ್ಪು ಜಾಸ್ತಿಯಾಗುತ್ತದೆ. ಜೊತೆಗೆ ಉಪ್ಪು ತರಕಾರಿಯ ನೀರನ್ನು ಹೊರಗೆ ಎಳೆಯುತ್ತದೆ. ಹೀರೆಕಾಯಿಗೆ ಆ ಸಹಾಯ ಬೇಕಾಗಿಲ್ಲ, ಮೊದಲೇ ಬೇಕಾದಷ್ಟು ಬಿಡುತ್ತದೆ. ಸೋರೆಕಾಯಿ ಹಾಗಲ್ಲ. ಅದರ ತಿರುಳು ಸ್ವಲ್ಪ ಗಟ್ಟಿ, ನೀರು ಬಿಡೋಕೆ ಸಮಯ ತೆಗೆದುಕೊಳ್ಳುತ್ತದೆ. ಅದಕ್ಕೆ ಮಾತ್ರ ನಾನು ಅರ್ಧ ಉಪ್ಪು ಮೊದಲೇ ಹಾಕಿ, ಉಳಿದದ್ದನ್ನು ಕೊನೆಗೆ ರುಚಿ ನೋಡಿ ಹಾಕುತ್ತೇನೆ.

ಹೋಳು ಒತ್ತಿದರೆ ಮೆತ್ತಗಾಗಿದೆ ಅನ್ನಿಸಿದ ಕೂಡಲೇ ತಟ್ಟೆ ತೆಗೆದಿಡಿ. ಮತ್ತೆ ಮುಚ್ಚಬೇಡಿ. ಉರಿ ಸ್ವಲ್ಪ ದೊಡ್ಡದು ಮಾಡಿ. ಇಲ್ಲಿಂದ ಮುಂದೆ ಕಿವಿಯಲ್ಲೇ ಗೊತ್ತಾಗುತ್ತದೆ. ನೀರಿರುವವರೆಗೆ ಕೊತಕೊತ ಸದ್ದು. ನೀರು ಹೋಗಿ ಎಣ್ಣೆ ಉಳಿದಾಗ ಚುರ್ ಚುರ್ ಅನ್ನೋಕೆ ಶುರುವಾಗುತ್ತದೆ. ಆಗ ಒಲೆ ಆರಿಸಿ ಕಾಯಿತುರಿ ಹಾಕಿ. ಕೊನೆಗೆ ಉಳಿದ ಚೂರು ಪಸೆಯನ್ನು ಕಾಯಿತುರಿ ಕುಡಿದುಕೊಳ್ಳುತ್ತದೆ. ಬೆಲ್ಲ ಹಾಕುವವರು ಅದನ್ನೂ ನೀರು ಆರಿದ ಮೇಲೇ ಹಾಕಿ, ಬೆಲ್ಲ ಕರಗಿದರೆ ಮತ್ತೆ ನೀರಾಗುತ್ತದೆ.

ಬಾಣಲೆ ಅಗಲ ಇರಬೇಕು. ಕಿರಿದಾದ ಪಾತ್ರೆಯಲ್ಲಿ ರಾಶಿ ಹಾಕಿದರೆ ಕೆಳಗಿನದು ಮುದ್ದೆಯಾಗುತ್ತದೆ, ಮೇಲಿನದು ಹಸಿಯೇ ಇರುತ್ತದೆ. ತೆಳು ಸ್ಟೀಲ್ ಪಾತ್ರೆಯಲ್ಲಿ ನೀರಿಲ್ಲದೆ ಮಾಡೋಕೆ ಹೋಗಬೇಡಿ, ಕಾಯಿ ನೀರು ಬಿಡುವ ಮೊದಲೇ ತಳ ಸೀಯುತ್ತದೆ. ಅಂಗಡಿಯಲ್ಲಿ ನಾಲ್ಕು ದಿನ ಬಾಡಿದ ಹೀರೆಕಾಯಿಯಾದರೂ ಅಷ್ಟೇ, ಎರಡು ಮೂರು ಚಮಚ ಬಿಸಿನೀರು ಬೇಕಾಗುತ್ತದೆ. ಉಗುರು ಊರಿದರೆ ಸಿಪ್ಪೆಯೊಳಗೆ ಇಳಿಯದ ಬಲಿತ ಸೋರೆಕಾಯಿಯಾದರೆ ನಡುವಿನ ಬೆಂಡು, ಬೀಜ ತೆಗೆದು, ಕಾಲು ಲೋಟ ನೀರು ಚಿಮುಕಿಸಿ ಬೇಯಿಸಿ. ಇನ್ನೊಂದು ಮಾತು, ಸೋರೆಕಾಯಿ ಹೆಚ್ಚಿದ ಕೂಡಲೇ ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ಕಹಿ ಹೋಗುವುದಿಲ್ಲ. ತಿಂದರೆ ವಾಂತಿ, ಭೇದಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ.

ಈಗ ತಂಗಿಯ ಮಜ್ಜಿಗೆಹುಳಿ. ಅರ್ಧ ಕೆಜಿ ಎಳೆ ಸೋರೆಕಾಯಿಯನ್ನು ಸ್ವಲ್ಪ ದೊಡ್ಡ ಹೋಳು ಮಾಡಿ, ಅರ್ಧ ಉಪ್ಪು, ಅರಿಶಿನ, ತಳ ಒದ್ದೆಯಾಗುವಷ್ಟೇ ನೀರು ಹಾಕಿ ಮುಚ್ಚಿ ಬೇಯಿಸು ಅಂದೆ. ಕುಕ್ಕರ್ ಬೇಡ. ಕುಕ್ಕರಿಗೆ ಹಬೆ ಏಳೋಕೆ ನೀರು ಹಾಕಲೇಬೇಕು, ಆ ನೀರೆಲ್ಲ ಹುಳಿಯಲ್ಲೇ ಉಳಿಯುತ್ತದೆ. ಎರಡನೇ ಸೀಟಿಗೆ ಹೋಳೂ ಇರುವುದಿಲ್ಲ. ಆಮೇಲೆ ಕಾಯಿ, ಹಸಿಮೆಣಸು, ಜೀರಿಗೆ, ನೆನೆಸಿದ ಒಂದು ಚಮಚ ಕಡ್ಲೆಬೇಳೆ. ಇದನ್ನು ನೀರಲ್ಲಿ ಅರೆಯಬೇಡ, ಮಜ್ಜಿಗೆಯಲ್ಲೇ ಅರೆ. ಅಲ್ಲೇ ಒಂದು ಲೋಟ ನೀರು ಉಳಿಯಿತು ನೋಡು. ಕಡ್ಲೆಬೇಳೆ ಹುಳಿಯನ್ನು ಗಟ್ಟಿ ಮಾಡುತ್ತದೆ, ಮಜ್ಜಿಗೆ ಒಡೆಯದ ಹಾಗೂ ತಡೆಯುತ್ತದೆ. ಅರೆದದ್ದು, ದಪ್ಪ ಮಜ್ಜಿಗೆ ಎರಡನ್ನೂ ಬೆಂದ ಹೋಳಿಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರು. ಒಂದು ಕುದಿ ಬರುವ ಹಾಗಾದಾಗ ಇಳಿಸು.

"ಈಗ ಆಗಿರೋದನ್ನ ಏನು ಮಾಡಲಿ?" ಅಂತ ಕೇಳಿದಳು. ಮಜ್ಜಿಗೆ ಸೇರಿದ ಮೇಲೆ ಕುದಿಸಿ ಗಟ್ಟಿ ಮಾಡೋಕೆ ಹೋದರೆ ಇನ್ನಷ್ಟು ಒಡೆಯುತ್ತದೆ. ಅದಕ್ಕೆ ಹೇಳಿದೆ, ಒಂದು ಚಮಚ ಅಕ್ಕಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡು, ಇವತ್ತಿಗೆ ಊಟ ಆಗುತ್ತದೆ. ಹೋಳು ಬೇಯಿಸುವಾಗಲೇ ನೀರು ಜಾಸ್ತಿಯಾಗಿದ್ದು ಕಂಡಿದ್ದರೆ ಕೆಲಸ ಸುಲಭ ಇತ್ತು. ಹೋಳನ್ನು ಜಾಲರಿ ಸೌಟಿನಲ್ಲಿ ತೆಗೆದಿಟ್ಟು, ಬರೀ ನೀರನ್ನು ದೊಡ್ಡ ಉರಿಯಲ್ಲಿ ಕುದಿಸಿ ಅರ್ಧಕ್ಕೆ ಇಳಿಸಿ, ಹೋಳು ವಾಪಸ್ ಹಾಕಬಹುದಿತ್ತು. ಆ ನೀರನ್ನು ಸುಮ್ನೆ ಚೆಲ್ಲಬೇಡಿ. ಸೋರೆಕಾಯಿಯ ರುಚಿಯೂ, ನೀವು ಹಾಕಿದ ಉಪ್ಪೂ ಅದರಲ್ಲೇ ಇರುತ್ತದೆ. ಹುಳಿಗೆ ಬೇಡವಾದರೆ ಸಂಜೆಯ ಸಾರಿಗೆ ಹಾಕಿ.