ಹಿಮ್ಮಡಿ ರಕ್ತಪರೀಕ್ಷೆಯ ‘ಶೇ. 99’: ಒಂದು ಸ್ಪಷ್ಟನೆ

“ಹಿಮ್ಮಡಿ ರಕ್ತಪರೀಕ್ಷೆ ಶೇ. 99ರಷ್ಟು ನಿಖರ, ಪಾಸಿಟಿವ್ ಬಂದರೆ ಮಗುವಿಗೆ ಥೈರಾಯ್ಡ್ ಕೊರತೆ ಇರುವುದು ಶೇ. 99 ಖಚಿತ.” (ಮಡಿಕೇರಿ, ವಿರಾಜಪೇಟೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶ)

ನವಜಾತ ಶಿಶುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಥೈರಾಯ್ಡ್ ಕೊರತೆಯನ್ನು ಪತ್ತೆಹಚ್ಚುವ ಪರೀಕ್ಷೆಯ ಬಗೆಗಿನ ಈ ತೀರ್ಮಾನ ತಪ್ಪು. ಕಾಯಿಲೆಯಿಲ್ಲದ ಶಿಶುಗಳಲ್ಲಿ ಎಷ್ಟಕ್ಕೆ ನೆಗೆಟಿವ್ ಬರುತ್ತದೆ ಎಂಬುದು ಒಂದು ಪ್ರಶ್ನೆ, ಪಾಸಿಟಿವ್ ಬಂದವುಗಳಲ್ಲಿ ಎಷ್ಟಕ್ಕೆ ಕಾಯಿಲೆಯಿದೆ ಎಂಬುದು ಬೇರೆಯೇ ಪ್ರಶ್ನೆ. ಲೆಕ್ಕಕ್ಕಾಗಿ ಕೊಡಗಿನಲ್ಲಿ ಹುಟ್ಟಿದ 10,000 ಶಿಶುಗಳನ್ನು ಊಹಿಸಿಕೊಳ್ಳೋಣ. ಸಾವಿರಕ್ಕೊಂದರಂತೆ 10 ಶಿಶುಗಳಿಗೆ ಕೊರತೆಯಿದ್ದು, ಪರೀಕ್ಷೆ ಆ ಹತ್ತನ್ನೂ ಹಿಡಿಯಿತೆನ್ನೋಣ. ಉಳಿದ 9,990 ಆರೋಗ್ಯವಂತ ಶಿಶುಗಳಲ್ಲಿ ಶೇ. 1ಕ್ಕೆ, ಅಂದರೆ ಸುಮಾರು 100ಕ್ಕೆ, ತಪ್ಪಾಗಿ ಪಾಸಿಟಿವ್ ಬರುತ್ತದೆ. ಹೀಗೆ ಒಟ್ಟು 110 ಪಾಸಿಟಿವ್‌ಗಳಲ್ಲಿ ನಿಜವಾದವು 10, ಎಂದರೆ ಹನ್ನೊಂದರಲ್ಲಿ ಒಂದು ಮಾತ್ರ.

ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನ್ ಹೆಚ್ಚಿದ್ದರೆ ಪರೀಕ್ಷೆ ಪಾಸಿಟಿವ್ ಬರುತ್ತದೆ; ಹುಟ್ಟಿದ ಮೊದಲ ದಿನ ಅದು ಸಹಜವಾಗಿಯೇ ಏರುವುದರಿಂದ, ಬೇಗ ತೆಗೆದ ರಕ್ತದಲ್ಲಿ ಇಂತಹ ತಪ್ಪು ಇನ್ನೂ ಹೆಚ್ಚು. ಲಕ್ಷಣಗಳಿರುವ ಮಗುವಿಗೆ ಮಾತ್ರ ಈ ಲೆಕ್ಕ ಹೊಂದದು, ಏಕೆಂದರೆ ಅಲ್ಲಿ ಕಾಯಿಲೆಯ ಸಾಧ್ಯತೆ ಮೊದಲೇ ಹೆಚ್ಚಿರುತ್ತದೆ.

ಆದರೂ ದಯವಿಟ್ಟು ಪಾಸಿಟಿವ್ ವರದಿಯನ್ನು ಕಡೆಗಣಿಸಬೇಡಿ: ರಕ್ತನಾಳದಿಂದ ರಕ್ತ ತೆಗೆದು ಟಿಎಸ್‌ಎಚ್ ಮತ್ತು ಥೈರಾಯ್ಡ್ ಹಾರ್ಮೋನ್ ಆದ ಟಿ4ರ ಪರೀಕ್ಷೆಯನ್ನು ಕೂಡಲೇ ಮಾಡಿಸಬೇಕು, ಏಕೆಂದರೆ ನಿಜವಾದ ಕೊರತೆಯಿದ್ದು ಥೈರಾಕ್ಸಿನ್ ಔಷಧಿ ತಡವಾದರೆ ಮಗುವಿನ ಮಿದುಳಿನ ಬೆಳವಣಿಗೆಗೆ ಹಾನಿಯಾಗುತ್ತದೆ.