"ನೋಡ್ಕೊಳ್ಳೋಣ" ಅಂದವರು ಯಾರು?

ಹೋದ ತಿಂಗಳು ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ವಯಸ್ಸು 78. ಇನ್ನು ಮುಂದೆ ಯಾರು ಏನು ನೋಡ್ಕೊಳ್ಳಬೇಕು ಅಂತ ಒಂದು ಭಾನುವಾರ ಎಲ್ಲರೂ ಕೂತೆವು. ಅಮ್ಮ, ಅವಳನ್ನು ಮನೆಯಲ್ಲಿ ಇಟ್ಟುಕೊಂಡಿರುವ ಅಣ್ಣ, ಅರ್ಧ ಗಂಟೆ ದೂರದಲ್ಲಿರುವ ನಾನು, ಬೇರೆ ಊರಿಂದ ಫೋನಿನಲ್ಲಿ ತಂಗಿ. ಅತ್ತಿಗೆ ಒಳಗೂ ಹೊರಗೂ ಓಡಾಡುತ್ತಿದ್ದರು. ಮಾತೆಲ್ಲ ರೆಕಾರ್ಡ್ ಮಾಡಲಾ ಅಂತ ಮೊದಲೇ ಕೇಳಿದೆ. ಅಮ್ಮನೂ ಸೇರಿ ಎಲ್ಲರೂ ಹೂಂ ಅಂದರು. ಸಾರಾಂಶ ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ಒಂದು ಗಂಟೆ ಇಪ್ಪತ್ತು ನಿಮಿಷದ ಮಾತು. ಮೊದಲ ಸಲ ಕೇಳುತ್ತಾ ಯಾರು ಯಾವಾಗ ಏನಂದರು ಅಂತ ಬರೆದುಕೊಂಡು ಹೋದೆ. ನಾಲ್ಕು ಪುಟ ಆಯಿತು. ಅದನ್ನು ಓದಿದರೆ ಜಗಳ ನೆನಪಾಗುತ್ತಿತ್ತೇ ಹೊರತು ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಅಂತ ತಿಳಿಯುತ್ತಿರಲಿಲ್ಲ.

ಎರಡನೇ ಸಲ ಕೇಳುವಾಗ ಒಂದು ವಿಷಯ ಕಿವಿಗೆ ಬಿತ್ತು. ನಮ್ಮ ಭಾಷೆಯಲ್ಲಿ ಮಾಡುವವರ ಹೆಸರೇ ಇಲ್ಲದೆ ವಾಕ್ಯ ಮುಗಿಸಬಹುದು, ಅಲ್ವಾ? "ನೋಡ್ಕೊಳ್ಳೋಣ", "ಆಗುತ್ತೆ ಬಿಡು", "ಮನೆಯಲ್ಲಿ ಹೇಗೂ ನಡೀತಿದೆ". "ನೋಡ್ಕೊಳ್ಳೋಣ" ಒಂದನ್ನೇ ಎಣಿಸಿದೆ, ಹನ್ನೊಂದು ಸಲ. ಪ್ರತಿ ಸಲವೂ ಆಮೇಲೆ ಒಂದು ಕ್ಷಣ ಮೌನ, ಮತ್ತೆ ಬೇರೆ ವಿಷಯ. ಕೂತಿದ್ದಾಗ ಅದು ತೀರ್ಮಾನ ಅನ್ನಿಸಿತ್ತು. ಬರೆಯಲು ಹೋದರೆ ಕೈ ನಿಂತುಬಿಟ್ಟಿತು. ನೋಡ್ಕೊಳ್ಳೋದು ಯಾರು?

"ಮನೆಯಲ್ಲಿ ನಡೀತಿದೆ" ಅಂದರೆ ಅತ್ತಿಗೆ ಮಾಡುತ್ತಿದ್ದಾರೆ ಅಂತ ಅರ್ಥ. ಅಷ್ಟೂ ಹೊತ್ತಿನಲ್ಲಿ ಅವರ ಹೆಸರನ್ನು ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕೇಳುತ್ತಾ ನಾಚಿಕೆಯಾಯಿತು.

ಆಮೇಲೆ ಹಾಳೆಯನ್ನು ಮೂರು ಭಾಗ ಮಾಡಿದೆ: ಬಾಯಲ್ಲಿ ಬಂದಿದ್ದು, ಒಬ್ಬರು "ನಾನು ಮಾಡ್ತೀನಿ" ಅಂತ ಒಪ್ಪಿದ್ದು, ಹಾಗೇ ಉಳಿದಿದ್ದು. ಸುಮ್ಮನಿದ್ದವರನ್ನು ಒಪ್ಪಿದವರ ಲೆಕ್ಕಕ್ಕೆ ಹಾಕಲಿಲ್ಲ. ಒಪ್ಪಿದ ಮಾತಿನ ಪಕ್ಕದಲ್ಲಿ ರೆಕಾರ್ಡಿಂಗಿನ ನಿಮಿಷ ಬರೆದೆ. ಬೇಕಾದವರು ಅಲ್ಲಿಂದಲೇ ಕೇಳಿ ನೋಡಬಹುದು. ನಡುವಿನ ಭಾಗದಲ್ಲಿ ಉಳಿದಿದ್ದು ಬರೀ ಮೂರು ಸಾಲು!

ಆ ಮೂರರಲ್ಲಿ ಒಂದು ಮಾತ್ರೆ. ಅಣ್ಣ 22ನೇ ನಿಮಿಷದಲ್ಲಿ "ಮಾತ್ರೆ ನಂದು" ಅಂದಿದ್ದ. ಫೋನ್ ಮಾಡಿ ಕೇಳಿದೆ, "ಮಾತ್ರೆ ಅಂದ್ರೆ ಏನೇನೋ?" ತಂದುಕೊಡೋದು ಅಂದ. ಸರಿ, ಶೀಟ್ ಖಾಲಿಯಾಗುತ್ತಿದೆ ಅಂತ ಗಮನಿಸೋದು ಯಾರು? ವಾರದ ಡಬ್ಬಿಗೆ ತುಂಬೋದು? ಅಮ್ಮ ನುಂಗಿದಳಾ ಅಂತ ನೋಡೋದು? ಡಾಕ್ಟರು ಪ್ರಮಾಣ ಬದಲಾಯಿಸಿದರೆ ಹಳೇ ಮಾತ್ರೆಯನ್ನು ಡಬ್ಬಿಯಿಂದ ತೆಗೆಯೋದು? ಒಂದು ಪದದೊಳಗೆ ಐದು ಕೆಲಸ. ನಾಲ್ಕಕ್ಕೆ ದಿಕ್ಕಿರಲಿಲ್ಲ.

ಮೂರು ಫೋನ್ ಕರೆ ಆದಮೇಲೆ ಬರೆದಿದ್ದು ಹೀಗೆ. ಭಾನುವಾರ ಸಂಜೆ ಡಾಕ್ಟರ ಚೀಟಿ ಮುಂದಿಟ್ಟುಕೊಂಡು ಡಬ್ಬಿ ತುಂಬುವವಳು ನಾನು. ಯಾವುದೇ ಮಾತ್ರೆ ಒಂದು ವಾರಕ್ಕಾಗುವಷ್ಟೇ ಉಳಿದಿದ್ದರೆ ಅವತ್ತೇ ಅಣ್ಣನಿಗೆ ಹೇಳುತ್ತೇನೆ. ಅವನು ಮಂಗಳವಾರದೊಳಗೆ ತರಬೇಕು. ಡಾಕ್ಟರ ಅಪಾಯಿಂಟ್‌ಮೆಂಟು, ಫೈಲು, ಚೀಟಿಯ ಫೋಟೋ ಎಲ್ಲ ತಂಗಿಯದು. ಮಾತ್ರೆ ಬದಲಾದರೆ ಅವತ್ತೇ ಎಲ್ಲರಿಗೂ ತಿಳಿಸುವುದೂ ಅವಳದೇ. ದೂರ ಇದ್ದವರಿಗೂ ಕೆಲಸ ಇರುತ್ತೆ, ಹಣ ಕಳಿಸೋದೊಂದೇ ಅಲ್ಲ.

ಅತ್ತಿಗೆಯನ್ನು ಬೇರೆಯಾಗಿ ಕೂತು ಕೇಳಿದೆ. "ಬೆಳಗಿನ ಮಾತ್ರೆ ನಾನು ಕೊಡ್ತೀನಿ. ರಾತ್ರಿದು ನಿಮ್ಮಣ್ಣ ಕೊಡಲಿ" ಅಂದರು. ಸ್ವಲ್ಪ ತಡೆದು, "ತಿಂಗಳಿಗೆ ಎರಡು ದಿನ ನಾನು ಮನೆಯಲ್ಲಿ ಇರಲ್ಲ ಅಂತಲೂ ಬರೀರಿ" ಅಂದರು. ಬರೆದೆ. ಎರಡನೇ, ನಾಲ್ಕನೇ ಶನಿವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ನಾನು ಅಲ್ಲಿರುತ್ತೇನೆ. ನನಗೆ ಹುಷಾರಿಲ್ಲದಿದ್ದರೆ ಅಣ್ಣ. ಪ್ರತಿ ಕೆಲಸದ ಪಕ್ಕದಲ್ಲೂ ಹೀಗೆ ಎರಡನೇ ಹೆಸರು ಹಾಕಿದೆವು. ಈ ಎರಡನೇ ಹೆಸರಿನ ಮೇಲೇ ಜಾಸ್ತಿ ಜಗಳ ಆಗಿದ್ದು, ಹೇಳಿಬಿಡ್ತೀನಿ.

ಅಮ್ಮ ತಾನಾಗಿ ಎದ್ದು ನಿಲ್ಲಲಾಗದ ದಿನ ಬಂದರೆ ಕೆಲಸಕ್ಕೆ ಜನ ಇಡೋದಾ, ಖರ್ಚು ಹೇಗೆ ಅನ್ನೋದು ಬಗೆಹರಿಯಲಿಲ್ಲ. ಅದು "ಹಾಗೇ ಉಳಿದಿದ್ದು" ಭಾಗದಲ್ಲೇ ಇದೆ. ಅದನ್ನು ಮತ್ತೆ ಮಾತಾಡುವ ತಾರೀಖು ಮಾತ್ರ ಬರೆದಿದ್ದೇವೆ.

ಕೊನೆಗೆ ಇಡೀ ಹಾಳೆಯನ್ನು ಅಮ್ಮನಿಗೆ ಓದಿ ಹೇಳಿದೆ. ರಾತ್ರಿ ಅವಳ ಕೋಣೆಯಲ್ಲಿ ಒಬ್ಬರು ಮಲಗಬೇಕು ಅನ್ನೋ ಸಾಲು ಬಂದಾಗ, "ಅದು ಬೇಡ ಅಂದಿದ್ನಲ್ಲ" ಅಂದಳು. ಇಲ್ಲಮ್ಮ, ನೀನು ಏನೂ ಹೇಳಲಿಲ್ಲ ಅಂದೆ. ರೆಕಾರ್ಡಿಂಗ್ ಹಾಕಿದೆವು. 31ನೇ ನಿಮಿಷ. "ಬಾಗಿಲು ತೆಗೆದಿಟ್ಟು ಮಲಗ್ತೀನಿ, ದೀಪ ಒಂದು ಉರೀತಿರಲಿ, ಸಾಕು" ಅಂತ ಅವಳ ದನಿ ಸಣ್ಣಗೆ ಕೇಳುತ್ತದೆ. ಅದರ ಮೇಲೆ ನನ್ನ ದನಿ, ಜೋರಾಗಿ, ತಂಗಿಗೆ ಏನೋ ಹೇಳುತ್ತಿದೆ.

ಆ ಸಾಲು ಹೊಡೆದುಹಾಕಿ ಬಾಗಿಲು, ದೀಪ ಅಂತ ಬರೆದೆ. ದೀಪ ಹಾಕೋದು ಅಣ್ಣ. ಎರಡನೇ ಹೆಸರು ಅತ್ತಿಗೆ, ಅವರನ್ನು ಕೇಳಿಯೇ ಹಾಕಿದ್ದು.